ಜ್ವರ ಬಿಟ್ಟ ಮೇಲೆ ಉದುರುವ ಕೂದಲು

ಪ್ರೀತಿಯ ಸಹನಾಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ. ಬಾತ್‌ರೂಮಿನ ಜಾಲರಿ ಮೇಲೆ ಅಷ್ಟು ಕೂದಲು ಕಂಡರೆ ಯಾರಿಗಾದರೂ ಗಾಬರಿಯೇ. ಹೊಸ ಶಾಂಪೂವಿನಿಂದ ಹೀಗಾಯಿತು ಅಂತ ಬರೆದಿದ್ದೀಯ. ನನಗೆ ಹಾಗೆ ಅನಿಸುವುದಿಲ್ಲ ಪುಟ್ಟಿ. ಆಗಸ್ಟ್‌ನಲ್ಲಿ ನಿನಗೆ ಡೆಂಗಿ ಬಂದು, ಜ್ವರ 103 ದಾಟಿತ್ತಲ್ವಾ? ಈಗಿನದು ಅದರ ಫಲ.

ನಮ್ಮ ತಲೆಯ ಒಂದೊಂದು ಕೂದಲೂ ಕೆಲವು ವರ್ಷ ಬೆಳೆಯುತ್ತದೆ, ಆಮೇಲೆ 2-3 ತಿಂಗಳು ಬೆಳೆಯದೆ ಸುಮ್ನೆ ಇದ್ದು ಉದುರುತ್ತದೆ. ಸಾಮಾನ್ಯವಾಗಿ ನೂರರಲ್ಲಿ ಹತ್ತರಷ್ಟು ಮಾತ್ರ ಹೀಗೆ ವಿಶ್ರಾಂತಿಯಲ್ಲಿರುತ್ತವೆ. ಜೋರು ಜ್ವರ ಬಂದಾಗ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿಬಿಡುತ್ತವೆ. ಆದರೆ ಆಗಲೇ ಉದುರುವುದಿಲ್ಲ, ಬೇರಿನಲ್ಲೇ ಉಳಿದಿರುತ್ತವೆ. ಅದಕ್ಕೇ ಜ್ವರದ ನೆನಪು ಹೋದ ಮೇಲೆ ಉದುರಲು ಶುರುವಾಗುತ್ತದೆ, ನಾವು ಶಾಂಪೂವನ್ನೋ ಬೋರ್‌ವೆಲ್ ನೀರನ್ನೋ ಬೈಯುತ್ತೇವೆ. ಡಾಕ್ಟರುಗಳು ಇದನ್ನು ಟೆಲೋಜೆನ್ ಎಫ್ಲುವಿಯಂ ಅನ್ನುತ್ತಾರೆ. ಬೇರು ಸತ್ತಿರುವುದಿಲ್ಲ. ಅದೇ ಜಾಗದಲ್ಲಿ ಹೊಸ ಕೂದಲು ಬರುತ್ತದೆ.

ಉದುರಿದ ಒಂದು ಕೂದಲನ್ನು ಕಪ್ಪು ಬಟ್ಟೆ ಮೇಲಿಟ್ಟು ನೋಡು. ಬುಡದಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಕಂಡರೆ ಅದು ತನ್ನ ಕಾಲ ಮುಗಿಸಿ ಬಿದ್ದದ್ದು. ಇದು ಜ್ವರದಿಂದಲೇ ಆಗಿದ್ದರೆ ಇಡೀ ತಲೆಯಲ್ಲಿ ಒಂದೇ ಸಮ ತೆಳುವಾಗಿರಬೇಕು, ತುರಿಕೆ, ಉರಿ ಇರಬಾರದು. ಬಿಲ್ಲೆಯ ಹಾಗೆ ಒಂದೇ ಕಡೆ ಬೋಳಾದರೆ, ಬೈತಲೆ ಅಗಲವಾಗುತ್ತಾ ಹೋದರೆ, 6 ತಿಂಗಳಾದರೂ ನಿಲ್ಲದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಲೇಬೇಕು.

ತಲೆಗೆ ನೀರು ಹಾಕುವುದನ್ನು ಬಿಡಬೇಡ. ನೀನು ಬಿಟ್ಟರೂ ಅವು ಉದುರುವ ಕೂದಲೇ, ಮುಂದಿನ ಸಲ ಎರಡರಷ್ಟು ಬರುತ್ತವೆ ಅಷ್ಟೆ. ಎಣ್ಣೆ ಹಚ್ಚಿಕೋ, ಒಣಗುವುದು ಕಮ್ಮಿಯಾಗುತ್ತದೆ. ಆದರೆ ಎಣ್ಣೆಯಿಂದ ಉದುರುವುದು ನಿಲ್ಲುವುದಿಲ್ಲ.

ನನಗೆ ಹೆಚ್ಚು ಚಿಂತೆ ನಿನ್ನ ಊಟದ್ದು. ಜ್ವರದಲ್ಲಿ ಗಂಜಿ ಕುಡಿದೆ, ಸರಿ. ಈಗಲೂ ಬೆಳಿಗ್ಗೆ ಕಾಫಿ ಜೊತೆ ಎರಡು ಬಿಸ್ಕತ್ತು ಅಂತ ನಿಮ್ಮಮ್ಮ ಹೇಳಿದಳು. ಕೂದಲಾಗುವುದೇ ಪ್ರೋಟೀನಿನಿಂದ. ಹೊತ್ತುಹೊತ್ತಿಗೂ ಮೊಟ್ಟೆಯೋ, ಮೊಳಕೆ ಹೆಸರುಕಾಳೋ, ಗಟ್ಟಿ ಬೇಳೆಯೋ, ಮೊಸರೋ ಇರಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೋ, ಕಾಫಿ-ಟೀ ಊಟವಾಗಿ ಒಂದು ಗಂಟೆ ಬಿಟ್ಟು ಕುಡಿ. ಊಟದ ಜೊತೆಗೇ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ನಿನಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ ಅಂತ ಗೊತ್ತು. ಡಾಕ್ಟರಿಗೆ ಅದನ್ನೂ ಹೇಳಿ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸು. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಕಮ್ಮಿ ಇದ್ದರೆ ಮಾತ್ರ ಮಾತ್ರೆ, ಅದೂ ಅವರು ಹೇಳಿದಷ್ಟು ದಿನ. ಗೆಳತಿ ಕೊಟ್ಟ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಅವರಿಗೆ ತಿಳಿಸು. ಅದರಿಂದ ಥೈರಾಯ್ಡ್ ರಿಪೋರ್ಟ್ ತಪ್ಪು ಬರಬಹುದು.

ಉದುರುವುದು ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ತಾನಾಗಿ ಕಮ್ಮಿಯಾಗುತ್ತದೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹಾಗಾಗಿ ಜಡೆ ಮೊದಲಿನ ದಪ್ಪಕ್ಕೆ ಬರಲು ವರ್ಷದ ಮೇಲೇ ಹಿಡಿಯುತ್ತದೆ. ಅಷ್ಟರೊಳಗೆ ಹಣೆಯ ಅಂಚಿನಲ್ಲಿ ಬಾಚಣಿಗೆಗೆ ಸಿಗದ ಮೋಟು ಕೂದಲು ಎದ್ದು ನಿಲ್ಲುತ್ತವೆ. ಅವನ್ನು ಎಳೆದು ಬಿಗಿಯಾಗಿ ಕಟ್ಟಬೇಡ.

ರಿಪೋರ್ಟ್ ಬಂದ ಕೂಡಲೇ ನನಗೆ ಕಳಿಸು.

ನಿನ್ನ ದೊಡ್ಡಮ್ಮ