ರಾತ್ರಿ ಪಾಳಿಯವರಿಗೆ: ಭಾನುವಾರ ಮುರುಗಲು ಸಿಪ್ಪೆ ಕೆಲಸ
ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 9ಕ್ಕೆ ನಮ್ಮ ಅಂಗಳದಲ್ಲಿ ಮುರುಗಲು ಸಿಪ್ಪೆ ಒಣಗಿಸುವುದನ್ನು ತೋರಿಸುತ್ತೇನೆ. ಪಾಳಿ ಮುಗಿಸಿ ಬಂದು ಹರವಿಟ್ಟರೆ, ನಾವು ಮಲಗಿದ್ದಾಗ ಬಿಸಿಲು ದುಡಿಯುತ್ತದೆ.

ಹಣ್ಣು ಸೀಳಿ ಬೀಜ ತೆಗೆದು, ರಸಕ್ಕೆ ಉಪ್ಪು ಬೆರೆಸಿಡಿ. ದಿನವಿಡೀ ಒಣಗಿದ ಸಿಪ್ಪೆಯನ್ನು ಸಂಜೆ ಆ ರಸದಲ್ಲಿ ನೆನೆಹಾಕಿ ಡ್ಯೂಟಿಗೆ ಹೊರಡಿ. ಬೆಳಿಗ್ಗೆ ಬಂದು ಮತ್ತೆ ಹರವಿ. ಹೀಗೆ ನಾಲ್ಕೈದು ಸಲ. ಕಪ್ಪು-ಕೆಂಪಾಗಿ, ಹಿಂಡಿದರೆ ಕೈಗೆ ನೀರು ಹತ್ತದಿದ್ದರೆ ಆಯಿತು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ತಿನ್ನುತ್ತದೆ. ಬೀಜ ಎಸೆಯಬೇಡಿ, ಮುರುಗಲು ತುಪ್ಪಕ್ಕೆ ಬೇಕು.

ಹೋದ ಮೇ ತಿಂಗಳಲ್ಲಿ ನನಗೆ ಗಾಢ ನಿದ್ದೆ, ಹೊರಗೆ ಮಳೆ; 10 ಕಿಲೋ ಹಣ್ಣಿನ ಸಿಪ್ಪೆಗೆ ಬೂಷ್ಟು ಹಿಡಿಯಿತು. ಅದಕ್ಕೇ ಈ ಸಲ ಮೋಡ ಕಂಡರೆ ಒಳಗಿಡಲು ಮನೆಯಲ್ಲಿ ಒಬ್ಬರಿಗೆ ಹೇಳಿ ಮಲಗಿ.

ಬರುವವರು ಶುಕ್ರವಾರದೊಳಗೆ ಹೆಸರು, ಎಷ್ಟು ಕಿಲೋ ಹಣ್ಣು ಬೇಕೆಂದು ಇಲ್ಲೇ ಹಾಕಿ. ಚಾಕು ನಿಮ್ಮದೇ ತನ್ನಿ.