ಭೀಮಾ ಹೌಸ್ ಯಾಕ ಫೈನಲ್‌ಗೆ ಬರ್ಲಿಲ್ಲ: ಪಾಯಿಂಟ್ಸ್ ಟೇಬಲ್ ಬಗ್ಗೆ ಪೋಷಕರಿಗೆ ಪತ್ರ

ಸರ್ಕಾರಿ ಪ್ರೌಢಶಾಲೆ,
ಗಂಗಾವತಿ ತಾಲೂಕು, ಕೊಪ್ಪಳ ಜಿಲ್ಲೆ

ಎಲ್ಲಾ ಪೋಷಕರಿಗೂ ನಮಸ್ಕಾರ್ರಿ,

ಹೌಸ್ ಕ್ರಿಕೆಟ್ ಲೀಗ್ ಮುಗದು ಪಾಯಿಂಟ್ಸ್ ಟೇಬಲ್ ನೋಟಿಸ್ ಬೋರ್ಡಿಗೆ ಹಚ್ಚಿದ ಮ್ಯಾಲೆ ಭಾಳ ಮಂದಿ ಫೋನ್ ಮಾಡೀರಿ, ಕೆಲವರು ಸಾಲಿಗೇ ಬಂದು ಕೇಳೀರಿ. ಕೇಳಿದ್ದು ಒಂದ ಮಾತು, ತುಂಗಭದ್ರಾ, ಕೃಷ್ಣಾ, ಭೀಮಾ ಮೂರೂ ಹೌಸ್‌ಗೆ 4 ಪಾಯಿಂಟ್ ಇರುವಾಗ ಭೀಮಾ ಮಾತ್ರ ಯಾಕ ಹೊರಗ, ಅದೂ ಕೃಷ್ಣಾನ್ನ ಸೋಲಿಸಿದ ಮ್ಯಾಲೆ. ಆ ಮಕ್ಕಳು ಗ್ರೌಂಡ್‌ನಾಗ ಕುಂತು ಅತ್ತಿದ್ದು ನಾನೂ ನೋಡೀನ್ರಿ, ಅವರಿಗೆ ಮತ್ತ ಅವರ ತಂದೆ-ತಾಯಿಗೆ ಪೂರಾ ಲೆಕ್ಕ ಗೊತ್ತಾಗ್ಲೇಬೇಕು, ಅದಕ್ಕ ಈ ಪತ್ರ ಸ್ವಲ್ಪ ಉದ್ದ ಆಗೇತಿ, ಸಮಾಧಾನದಿಂದ ಓದ್ರಿ.

ಪಾಯಿಂಟ್ ಲೆಕ್ಕ ಎಲ್ಲಾರಿಗೂ ಗೊತ್ತಿದ್ದಿದ್ದ. ಗೆದ್ರ 2, ಸೋತ್ರ 0, ಟೈ ಆದ್ರ ಅಥವಾ ಮಳಿ ಬಂದು ಮ್ಯಾಚ್ ನಿಂತ್ರ ಒಂದೊಂದು. ನಾಕು ಹೌಸ್, ಪ್ರತಿಯೊಬ್ಬರೂ ಉಳಿದ ಮೂವರ ಜೋಡಿ ಒಂದೊಂದ್ಸಲ ಆಡಬೇಕು, 10 ಓವರಿನ ಮ್ಯಾಚು, ಮ್ಯಾಲಿನ ಇಬ್ಬರು ಫೈನಲ್‌ಗೆ. ಪಾಯಿಂಟ್ ಸಮ ಆದ್ರ ನೆಟ್ ರನ್ ರೇಟ್ ನೋಡ್ತೀವಿ ಅಂತ ಪಿಟಿ ಸರ್ ಮೊದಲ ಮ್ಯಾಚಿನ ಮುಂಚೆನ ಪ್ರಾರ್ಥನೆ ಟೈಮಿನಾಗ ಎಲ್ಲಾ ಹೌಸ್ ಮಕ್ಕಳಿಗೂ ಓದಿ ಹೇಳಿದ್ರು.

ಈಗ ಆಗಿದ್ದೇನು ಅಂದ್ರ ಕೃಷ್ಣಾ ತುಂಗಭದ್ರಾನ್ನ ಸೋಲಿಸ್ತು, ತುಂಗಭದ್ರಾ ಭೀಮಾನ್ನ ಸೋಲಿಸ್ತು, ಭೀಮಾ ಕೃಷ್ಣಾನ್ನ ಸೋಲಿಸ್ತು, ಮೂವರೂ ಮಲಪ್ರಭಾನ್ನ ಸೋಲಿಸಿದ್ರು. "ನಾವು ಅವರನ್ನ ಸೋಲಿಸೀವಲ್ಲ ಸರ್" ಅಂತ ಮೂರೂ ಹೌಸಿನವರು ಹೇಳಬಹುದು, ಮೂವರ ಮಾತೂ ಖರೆನ. ಯಾರು ಯಾರನ್ನ ಸೋಲಿಸಿದ್ರು ಅನ್ನೋದು ಇಬ್ಬರ ನಡುವ ಸಮ ಬಂದಾಗ ಉಪಯೋಗಕ್ಕ ಬರ್ತೈತಿ, ಮೂರು ಜನ ಹಿಂಗ ಸುತ್ತು ಹಾಕ್ಕೊಂಡು ನಿಂತ್ರ ಅದರಿಂದ ಏನೂ ತೀರ್ಮಾನ ಆಗಲ್ರಿ.

ನೆಟ್ ರನ್ ರೇಟ್ ಅಂದ್ರ ಇಷ್ಟ: ಇಡೀ ಟೂರ್ನಮೆಂಟಿನಾಗ ನಮ್ಮ ಟೀಮ್ ಓವರಿಗೆ ಸರಾಸರಿ ಎಷ್ಟು ರನ್ ಹೊಡೀತು, ಅದರಾಗ ಎದುರಿನವರಿಗೆ ಓವರಿಗೆ ಸರಾಸರಿ ಎಷ್ಟು ಕೊಟ್ಟಿತು ಅನ್ನೋದನ್ನ ಕಳೀಬೇಕು. ಎಲ್ಲಾ ಮ್ಯಾಚಿನ ರನ್ ಒಟ್ಟು ಕೂಡಿಸಿ, ಎಲ್ಲಾ ಓವರ್ ಒಟ್ಟು ಕೂಡಿಸಿ, ಆಮ್ಯಾಲೆ ಒಂದ ಸಲ ಭಾಗಿಸಬೇಕು. ಮ್ಯಾಚ್ ಮ್ಯಾಚಿಗೆ ಬ್ಯಾರೆ ಬ್ಯಾರೆ ರೇಟ್ ತಗದು ಅದರ ಸರಾಸರಿ ಮಾಡಬಾರದು, ಯಾಕಂದ್ರ ಹಂಗ ಮಾಡಿದ್ರ ಕೃಷ್ಣಾ ಮಲಪ್ರಭಾ ವಿರುದ್ಧ ಆಡಿದ 5 ಓವರಿಗೂ ಬ್ಯಾರೆ ಮ್ಯಾಚಿನ 10 ಓವರಿಗೂ ಒಂದ ತೂಕ ಬರ್ತೈತಿ. ಮಳಿಗೆ ನಿಂತು ರಿಸಲ್ಟ್ ಬರದ ಮ್ಯಾಚು ಈ ಲೆಕ್ಕದಾಗ ಬರೋದ ಇಲ್ಲ.

ಈಗ ಭೀಮಾ ಹೌಸಿನ ಲೆಕ್ಕ ನೋಡೂಣ್ರಿ. ತುಂಗಭದ್ರಾ 10 ಓವರಿಗೆ 70 ಹೊಡದಿತ್ತು, ಭೀಮಾ 7.2 ಓವರಿಗೆ 48ಕ್ಕ ಆಲೌಟ್. ಆಮ್ಯಾಲೆ ಕೃಷ್ಣಾ 10 ಓವರಿಗೆ 50 ಮಾಡಿದ್ದನ್ನ ಭೀಮಾ 8.4 ಓವರಿಗೆ 51 ಹೊಡದು ಗೆದ್ದಿತು. ಕಡೀ ಮ್ಯಾಚಿನಾಗ ಮಲಪ್ರಭಾ 10 ಓವರಿಗೆ 44, ಭೀಮಾ 7.2 ಓವರಿಗೆ 45 ಹೊಡದು ಗೆದ್ದಿತು.

ಒಬ್ಬ ಪೋಷಕರು ಇದನ್ನೆಲ್ಲಾ ಒಂದು ಹಾಳ್ಯಾಗ ಚಂದಂಗೆ ಬರಕೊಂಡು ಬಂದಿದ್ರು, ಅವರ ಲೆಕ್ಕದಾಗ ಭೀಮಾ +0.705 ಬಂದು ಒಂದನೇ ನಂಬರ್, ಕೃಷ್ಣಾ +0.668 ಎರಡನೇದು, ತುಂಗಭದ್ರಾ +0.513 ಹೊರಗ. ನಮ್ಮ ಬೋರ್ಡ್ ಮ್ಯಾಲೆ ಇದ್ದಿದ್ದು ಪೂರಾ ತಿರುವುಮುರುವು. ಅವರು ಕೂಡಿಸಿದ್ದು, ಭಾಗಿಸಿದ್ದು ಒಂದೂ ತಪ್ಪಿರ್ಲಿಲ್ರಿ, ಕುಂತು ನೋಡಿದಾಗ ಒಂದ ಒಂದು ನಿಯಮ ಅವರಿಗೆ ಗೊತ್ತಿರ್ಲಿಲ್ಲ ಅಂತ ತಿಳೀತು, ಮತ್ತ ಅದು ಭಾಳ ಜನಕ್ಕ ಗೊತ್ತಿರಲ್ಲ. ಟೀಮ್ ಆಲೌಟ್ ಆದ್ರ ಅದು ಆಡಿದ ಓವರ್ ಅಲ್ಲ, ಅದಕ್ಕ ಸಿಕ್ಕಿದ್ದ ಪೂರಾ ಓವರ್ ಲೆಕ್ಕಕ್ಕ ಹಿಡೀಬೇಕು. ಭೀಮಾ 7.2 ಓವರಿಗೆ ಆಲೌಟ್ ಆದ್ರೂ 10 ಓವರ್ ಅಂತನ ಬರೀಬೇಕು, ಅವರಿಗೆ ಬೌಲಿಂಗ್ ಮಾಡಿದ ತುಂಗಭದ್ರಾಕ್ಕೂ 10 ಓವರ್ ಬೌಲ್ ಮಾಡಿದಂಗ ಲೆಕ್ಕ. ಹಂಗ ಮಲಪ್ರಭಾ ಕೃಷ್ಣಾ ಎದುರು 8.1 ಓವರಿಗೆ 36ಕ್ಕ ಆಲೌಟ್ ಆಗಿದ್ದೂ 10 ಓವರ್‌ನ.

ಇದು ನಮ್ಮ ಸಾಲಿ ನಿಯಮ ಅಲ್ರಿ, ಐಸಿಸಿ, ಐಪಿಎಲ್ ಎಲ್ಲಾ ಕಡೆ ಹಿಂಗ. 2019ರ ವರ್ಲ್ಡ್ ಕಪ್‌ನಾಗ ಪಾಕಿಸ್ತಾನ ವೆಸ್ಟ್ ಇಂಡೀಸ್ ಎದುರು 21.4 ಓವರಿಗೆ 105ಕ್ಕ ಆಲೌಟ್ ಆತು, ಲೆಕ್ಕಕ್ಕ ಹೋಗಿದ್ದು 50 ಓವರಿಗೆ 105. ವೆಸ್ಟ್ ಇಂಡೀಸ್ ಅದನ್ನ 13.4 ಓವರಿನಾಗ ಹೊಡದು ಹಾಕ್ತು. ಕಡೀಕ ಪಾಕಿಸ್ತಾನಕ್ಕ 11 ಪಾಯಿಂಟ್, ನ್ಯೂಜಿಲೆಂಡಿಗೂ 11, ಸೆಮಿಫೈನಲ್‌ಗೆ ನ್ಯೂಜಿಲೆಂಡ್ ಹೋತು. ಆ ಒಂದು ದಿನದ ಪೆಟ್ಟು ಪಾಕಿಸ್ತಾನಕ್ಕ ಕಡೀತನಾ ತುಂಬಿಕೊಳ್ಳಾಕ ಆಗ್ಲಿಲ್ಲ.

ನಿಯಮ ಹಿಂಗ ಯಾಕ ಐತಿ ಅಂದ್ರ, ಆಡಿದ ಓವರ್ ಅಷ್ಟ ಹಿಡಿದ್ರ 48ಕ್ಕ ಆಲೌಟ್ ಆದ ಭೀಮಾದ ರೇಟ್ ಓವರಿಗೆ 6.5ರ ಮ್ಯಾಲೆ ಕಾಣ್ತೈತಿ, ಅದ 48 ರನ್ನು 10 ಓವರ್ ನಿಂತು ಆಡಿ ಮಾಡಿದ್ರ 4.8 ಅಷ್ಟ. ಅಂದ್ರ ವಿಕೆಟ್ ಉಳಿಸಿಕೊಂಡು ಆಡಿದವರಿಗಿಂತ ಲಗೂನ ಔಟ್ ಆಗಿ ಬಂದವರಿಗೆ ಲಾಭ. ಅದು ನ್ಯಾಯ ಅಲ್ಲ. ಹತ್ತು ವಿಕೆಟ್ ಕಿತ್ತ ಬೌಲರ್‌ಗಳಿಗೂ ಅನ್ಯಾಯ ಆಗ್ತೈತಿ, ಅವರು ಕಷ್ಟಪಟ್ಟು ಉಳಿಸಿದ ಓವರ್ ಅವರಿಗೇ ತಿರುಗಿ ಹೊಡೀತೈತಿ.

ಆದ್ರ ಗೆದ್ದು ಬ್ಯಾಗನ ಮುಗಿಸಿದ್ರ ಹಂಗಲ್ಲ, ಅಲ್ಲಿ ಆಡಿದಷ್ಟ ಓವರ್ ಹಿಡೀತೀವಿ. ಭೀಮಾದ 8.4 ಓವರ್, 7.2 ಓವರ್ ಇದ್ದಂಗ ಇರ್ತಾವು.

ಇಲ್ಲಿ ಇನ್ನೊಂದು ಕಡೆ ಕಾಲು ಜಾರ್ತೈತಿ. 8.4 ಅಂದ್ರ 8 ಓವರ್ ಮತ್ತ 4 ಬಾಲ್, ಕ್ಯಾಲ್ಕುಲೇಟರಿಗೆ 8.4 ಅಂತ ಒತ್ತಿದ್ರ ಅದು ಓವರಿಗೆ 10 ಬಾಲ್ ಅಂತ ತಿಳ್ಕೋತೈತಿ. ಓವರಿಗೆ ಇರೋದು 6 ಬಾಲ್, ಹಂಗಾಗಿ ಅದು 8.667. ಈ ತಪ್ಪು ಮಾಡಿದ್ರ ಭೀಮಾದ ರೇಟ್ +0.072 ಬರೋದು +0.158 ಬರ್ತೈತಿ, ಎರಡು ಪಟ್ಟಿಗಿಂತ ಜಾಸ್ತಿ. ಅದಕ್ಕ ಪಿಟಿ ಸರ್ ಓವರ್ ಬಿಟ್ಟು ಬರೇ ಬಾಲ್ ಬರಕೋತಾರ, ಅದು ಭಾಳ ಚಲೋ ಪದ್ಧತಿ. ಮೊಬೈಲಿನಾಗ ಶೀಟ್ ಮಾಡೋರು B2 ಒಳಗ ಒಟ್ಟು ಹೊಡದ ರನ್, C2 ಒಳಗ ಒಟ್ಟು ಆಡಿದ ಬಾಲ್, D2 ಒಳಗ ಒಟ್ಟು ಕೊಟ್ಟ ರನ್, E2 ಒಳಗ ಒಟ್ಟು ಹಾಕಿದ ಬಾಲ್ ತುಂಬಿ ಇದನ್ನ ಹಾಕ್ರಿ, ಆಲೌಟ್ ಆದ ಮ್ಯಾಚಿಗೆ 60 ಬಾಲ್ ಅಂತ ಹಿಡಿದು ಕೂಡಿಸೋದು ಮರೀಬ್ಯಾಡ್ರಿ:

```
=B2*6/C2-D2*6/E2
```

ಈಗ ಭೀಮಾ: ಹೊಡದಿದ್ದು 48, 51, 45 ಕೂಡಿ 144 ರನ್, ಬಾಲ್ 60, 52, 44 ಕೂಡಿ 156, ಅಂದ್ರ ಓವರಿಗೆ 5.538. ಕೊಟ್ಟಿದ್ದು 70, 50, 44 ಕೂಡಿ 164 ರನ್, 180 ಬಾಲಿಗೆ, ಓವರಿಗೆ 5.467. ಕಳದ್ರ +0.072.

ಉಳಿದ ಇಬ್ಬರದು ಹಿಂಗ ಲೆಕ್ಕ ಮಾಡಿದ್ರ ತುಂಗಭದ್ರಾ 180 ಬಾಲಿಗೆ 191 ಹೊಡದು 180 ಬಾಲಿಗೆ 160 ಕೊಟ್ಟೈತಿ, +1.033. ಕೃಷ್ಣಾ 150 ಬಾಲಿಗೆ 149 ಹೊಡದು 172 ಬಾಲಿಗೆ 142 ಕೊಟ್ಟೈತಿ, +1.007. ಮಲಪ್ರಭಾ ಮೂರೂ ಸೋತು −2.294. ಬೋರ್ಡ್ ಮ್ಯಾಲೆ ಇರೋ ಸಾಲು ಇದ: ತುಂಗಭದ್ರಾ, ಕೃಷ್ಣಾ, ಭೀಮಾ, ಮಲಪ್ರಭಾ. ಮ್ಯಾಲಿನ ಇಬ್ಬರ ನಡುವ ಎಷ್ಟು ಕಮ್ಮಿ ಅಂತರ ಐತಿ ನೋಡ್ರಿ, ಇಂಥಲ್ಲಿ ಸ್ಕೋರ್ ಬುಕ್ಕಿನಾಗ ಒಂದೆರಡು ಬಾಲ್ ಬರಿಯೋದು ಬಿಟ್ರೂ ಸಾಲು ಅದಲ್ ಬದಲ್ ಆಗ್ತೈತಿ.

ಭೀಮಾ ಹೌಸಿನ ಪೋಷಕರು ಇನ್ನೊಂದು ಕೇಳಿದ್ರಿ, ಕಡೀ ಮ್ಯಾಚಿನಾಗ ಏನರ ಮಾಡಿದ್ರ ಒಳಗ ಬರ್ತಿದ್ರಾ ಅಂತ. ಬರ್ತಿದ್ರು. ಉಳಿದ ಐದೂ ಮ್ಯಾಚ್ ಮುಗದಿದ್ದವು, ಕೃಷ್ಣಾದ +1.007 ಗೊತ್ತಿದ್ದ ಸಂಖ್ಯೆ, ಅದನ್ನ ದಾಟಬೇಕಂದ್ರ ಬೇಕಿದ್ದ 45 ರನ್ನನ್ನ 3.3 ಓವರಿನಾಗ ಮುಗಿಸಬೇಕಿತ್ತು, ಅಂದ್ರ 21 ಬಾಲಿಗೆ. 22ನೇ ಬಾಲಿಗೆ ಸರಿಯಾಗಿ 45 ಆಗಿದ್ರ +0.981, ಕೃಷ್ಣಾಕ್ಕಿಂತ ಕೆಳಗ. ಕಷ್ಟದ್ದು ಖರೆ, ಆದ್ರ ಟೆನಿಸ್ ಬಾಲಿನಾಗ ನಮ್ಮ ಸಣ್ಣ ಗ್ರೌಂಡಿನಾಗ ಆಗದ ಮಾತಲ್ಲ. ಮಕ್ಕಳು ಗೆದ್ರ ಸಾಕು ಅಂತ ನೋಡ್ಕೊಂಡು ಆಡಿ 7.2 ಓವರ್ ತಗೊಂಡ್ರು.

ದೊಡ್ಡ ಟೂರ್ನಮೆಂಟಿನಾಗ ಈ ಸಂಖ್ಯೆ ಎರಡೂ ಟೀಮಿಗೂ ಮೊದಲ ಗೊತ್ತಿರ್ತೈತಿ. 2024ರ ಮೇ 18ಕ್ಕ ಚಿನ್ನಸ್ವಾಮಿ ಸ್ಟೇಡಿಯಂನಾಗ ಆರ್‌ಸಿಬಿ 218 ಹೊಡೀತು, ಚೆನ್ನೈಗೆ ಗೆಲ್ಲಾಕ 219 ಬೇಕಿತ್ತು, ಆದ್ರ ಸೋತರೂ 201 ಮುಟ್ಟಿದ್ರ ಪ್ಲೇಆಫ್ ಅವರದ್ದ ಇತ್ತು. ಅವರು 191ಕ್ಕ ನಿಂತ್ರು, ಇಬ್ಬರಿಗೂ 14 ಪಾಯಿಂಟ್ ಆಗಿ ಆರ್‌ಸಿಬಿ +0.459, ಚೆನ್ನೈ +0.392. ಕಡೀ ಓವರಿನಾಗ ಆರ್‌ಸಿಬಿ ಕಾಯ್ದಿದ್ದು ಆ 201ನ್ನ, ನಿಮ್ಮ ಮನ್ಯಾಗ ಹುಡುಗ್ರು ಟಿವಿ ಮುಂದ ಇದನ್ನ ನೋಡಿರ್ತಾರ.

ಅದಕ್ಕ ಮುಂದಿನ ಸಲದಿಂದ ಕಡೀ ಲೀಗ್ ಮ್ಯಾಚಿನ ಒಂದನೇ ಇನಿಂಗ್ಸ್ ಮುಗದ ಕೂಡ್ಲೆ, "ಇಷ್ಟು ಬಾಲಿನಾಗ ಹೊಡದ್ರ ಒಳಗ" ಅನ್ನೋದನ್ನ ಪಿಟಿ ಸರ್ ಇಬ್ಬರೂ ಕ್ಯಾಪ್ಟನ್‌ಗಳನ್ನ ಕರದು ಹೇಳ್ತಾರ, ಮೈಕಿನಾಗೂ ಹೇಳಸ್ತೀವಿ. ಸ್ಕೋರ್ ಬರಿಯಾಕೂ ಎರಡೂ ಹೌಸಿಂದ ಒಬ್ಬೊಬ್ಬರು ಕುಂದ್ರಬೇಕು, ಓವರ್ ಮುಗದಂಗೆಲ್ಲಾ ಇಬ್ಬರ ಬುಕ್ಕೂ ತಾಳಿ ಹಾಕಿ ನೋಡಬೇಕು ಅಂತ ಮಾಡೀವಿ.

ಆರೂ ಮ್ಯಾಚಿನ ಸ್ಕೋರ್ ಬುಕ್ ಆಫೀಸ್ ರೂಮಿನಾಗ ಐತಿ, ಸಾಲಿ ಟೈಮಿನಾಗ ಯಾರು ಬೇಕಾದ್ರೂ ಬಂದು ನೋಡ್ರಿ, ಮೊಬೈಲಿನಾಗ ಫೋಟೋ ತಕ್ಕೊಂಡು ಹೋಗ್ರಿ. ಭತ್ತದ ಕೊಯ್ಲು ನಡದೈತಿ ಅಂತ ಗೊತ್ತೈತಿ, ಅದಕ್ಕ ತುಂಗಭದ್ರಾ–ಕೃಷ್ಣಾ ಫೈನಲ್ ಶನಿವಾರ ಮುಂಜಾನೆ 7:30ಕ್ಕನ ಇಟ್ಟೀವಿ, 9ರ ಒಳಗ ಮುಗೀತೈತಿ. ಭೀಮಾ ಮತ್ತ ಮಲಪ್ರಭಾ ಹೌಸಿನ ಮಕ್ಕಳನ್ನೂ ಕಳಸ್ರಿ, ಬೌಂಡರಿ ಲೈನಿಗೆ ಮತ್ತ ಸ್ಕೋರ್ ಟೇಬಲ್ಲಿಗೆ ಅವರನ್ನ ಹಾಕೀವಿ.

ಇಂತಿ ನಿಮ್ಮ,
ಮುಖ್ಯ ಗುರುಗಳು