ವಾಪಸ್ ಬಂದ ಚೆಕ್ಕಿನ ಬಗ್ಗೆ ಅಳಿಯನಿಗೆ

ನೀರ್ಚಾಲು
ಜನವರಿ 17

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನೆ ರಾತ್ರಿ ನೀನು ವಾಟ್ಸಪ್‌ನಲ್ಲಿ ಕಳುಹಿಸಿದ ಪತ್ರ ಓದಿದೆ. ಅಡ್ಯನಡ್ಕದ ಗಿರಾಕಿಗೆ ಅದನ್ನು ಇನ್ನೂ ಕಳುಹಿಸಿಲ್ಲ ತಾನೆ? ಕಳುಹಿಸಬೇಡ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಅಂಗಡಿಗೆ ಓಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ತೋಟಕ್ಕೆ ನೀರು ಬಿಡುವ ಸಮಯ. ಪೈಪು, ಸ್ಪ್ರಿಂಕ್ಲರ್ ಜೆಟ್ ಎಲ್ಲ ಸೇರಿ 46,800 ರೂಪಾಯಿಯ ಸಾಮಾನು ಕೊಟ್ಟಿದ್ದೀ. ಚೆಕ್ಕು ವಾಪಸ್ ಬಂತು. ಮೇಲಿಂದ ನಿನ್ನ ಖಾತೆಯಿಂದಲೇ ಬ್ಯಾಂಕಿನವರು 177 ರೂಪಾಯಿ ಹಿಡಿದರು, 150 ಚಾರ್ಜು, ಅದರ ಮೇಲೆ 27 ಜಿಎಸ್‌ಟಿ. ಮೋಸ ಹೋದವನೂ ನೀನೇ, ದಂಡ ಕಟ್ಟಿದವನೂ ನೀನೇ ಅಂತ ಅನ್ನಿಸುವುದು ಸಹಜ. ಆದರೆ ಆ ಸಿಟ್ಟಿನಲ್ಲಿ ನೀನು ಹೀಗೆ ಬರೆದಿದ್ದೀ: "ಚೆಕ್ಕಿನ ಹಣ, ಬ್ಯಾಂಕ್ ಚಾರ್ಜು, ಬಡ್ಡಿ, ಓಡಾಟದ ಖರ್ಚು ಎಲ್ಲ ಸೇರಿ 50,000 ರೂಪಾಯಿ ಮೂರು ದಿನದೊಳಗೆ ಕೊಡದಿದ್ದರೆ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ." ಈ ಒಂದೇ ವಾಕ್ಯ ನಿನ್ನ ಕೇಸನ್ನು ಕೆಡಿಸಬಹುದು.

ನಾನೂ ಇದನ್ನೇ ಮಾಡಿದ್ದೆ. 2007ರಲ್ಲಿ, ನನ್ನ ಗೊಬ್ಬರದ ಅಂಗಡಿ ನಡೆಯುತ್ತಿದ್ದಾಗ, 32,500 ರೂಪಾಯಿಯ ಚೆಕ್ಕು ವಾಪಸ್ ಬಂತು. ಅಸಲು, ಬಡ್ಡಿ, ಖರ್ಚು ಎಲ್ಲ ಒಟ್ಟು ಹಾಕಿ 36,000 ಕೊಡಿ ಅಂತ ಬರೆದೆ. ಉತ್ತರ ಬರಲಿಲ್ಲ. ಕಾಸರಗೋಡಿನ ವಕೀಲರಲ್ಲಿಗೆ ಹೋಗುವಾಗ, ಚೆಕ್ಕು ಯಾಕೆ ವಾಪಸಾಯಿತು ಅಂತ ಬ್ಯಾಂಕು ಕೊಡುವ ಮೆಮೊ ಬಂದು 40 ದಿನ ಕಳೆದಿತ್ತು. ಅವರು ನನ್ನ ಪತ್ರದ ನಕಲು ಓದಿ, "ಇದರಲ್ಲಿ ಚೆಕ್ಕಿನ ಮೊತ್ತ ಎಲ್ಲಿದೆ?" ಅಂತ ಕೇಳಿದರು. ಎಲ್ಲಿಯೂ ಇರಲಿಲ್ಲ. ಹೊಸ ನೋಟಿಸು ಕೊಡಲು ದಿನವೂ ಉಳಿದಿರಲಿಲ್ಲ. ಕೊನೆಗೆ ಎರಡು ವರ್ಷ ಅಲೆದು 20,000ಕ್ಕೆ ರಾಜಿಯಾಯಿತು. ಆ ನೋವು ನಿನಗೆ ಬೇಡ ಅಂತಲೇ ಇಷ್ಟು ಉದ್ದ ಬರೆಯುತ್ತಿರುವುದು.

ವಿಷಯ ಇಷ್ಟೇ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ಅಂತ 1881ರ ಕಾನೂನಿದೆ. ಅದರ 138ನೇ ಸೆಕ್ಷನ್ ಪ್ರಕಾರ ನೋಟಿಸಿನಲ್ಲಿ ಕೇಳಬೇಕಾದದ್ದು ಚೆಕ್ಕಿನಲ್ಲಿ ಬರೆದ ಮೊತ್ತವನ್ನು. ಅದಕ್ಕಿಂತ ಜಾಸ್ತಿ ಕೇಳಲೇಬಾರದು ಅಂತ ಅಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಚೆಕ್ಕಿನ ಮೊತ್ತವನ್ನು ಬೇರೆ ತೋರಿಸಿ, ಬಡ್ಡಿ, ಖರ್ಚು ಇತ್ಯಾದಿಯನ್ನು ಬೇರೆ ಕೇಳಿದರೆ ನೋಟಿಸು ಕೆಡುವುದಿಲ್ಲ. ಎಲ್ಲ ಕಲಸಿ ಒಂದೇ ಮೊತ್ತ ಕೇಳಿದರೆ ಕೆಡುತ್ತದೆ. 2025ರಲ್ಲಿ ಅದೇ ಕೋರ್ಟ್ ಇನ್ನೂ ಬಿಗಿಯಾಗಿ ಹೇಳಿತು. ಮೊತ್ತ ತಪ್ಪಿದ್ದರೆ, ಅದು ಟೈಪಿಂಗ್ ತಪ್ಪು ಅಂದರೂ ಒಪ್ಪುವುದಿಲ್ಲ ಅಂತ. ಹಾಗಾಗಿ ನಿನ್ನ ಪತ್ರದಲ್ಲಿ 46,800 ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಚೆಕ್ಕನ್ನು ಮುಂದೆ ಇಟ್ಟುಕೊಂಡು ನೋಡಿ ಬರೆ. ನೆನಪಿನಿಂದ ಬರೆಯಬೇಡ.

177 ರೂಪಾಯಿ ಕೇಳು, ಖಂಡಿತ ಕೇಳು. ಅದು ಅವರಿಂದಾಗಿ ನಿನ್ನ ಕೈಯಿಂದ ಹೋದ ಹಣ. ಆದರೆ ಬೇರೆ ಪ್ಯಾರಾದಲ್ಲಿ ಕೇಳು, ಮತ್ತು ನಿನ್ನ ಖಾತೆಯಿಂದ ಹೋದಷ್ಟೇ ಕೇಳು. ಖಾತೆಯ ಸ್ಟೇಟ್‌ಮೆಂಟ್‌ನಲ್ಲಿ ಆ ಒಂದು ಸಾಲು ಇರುವ ಪುಟದ ನಕಲು ಜೊತೆಗೆ ಇಡು. ಅವರ ಬ್ಯಾಂಕು ಅವರಿಂದ ಹಿಡಿದ ಚಾರ್ಜು ನಿನ್ನ ಲೆಕ್ಕಕ್ಕೆ ಬರುವುದಿಲ್ಲ. ಬಡ್ಡಿ ಬಿಡು. ನಿನ್ನ ಬಿಲ್ಲಿನಲ್ಲಿ ಬಡ್ಡಿಯ ಮಾತೇ ಅಚ್ಚಾಗಿಲ್ಲ. ಓಡಾಟದ ಖರ್ಚೂ ಬಿಡು. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಅಂತ ನಿನ್ನ ಅಜ್ಜಿ ಹೇಳುತ್ತಿದ್ದಳು. ನಾಲ್ಕು ಕಾಸು ಜಾಸ್ತಿ ಕೇಳಿದ ಅಂಗಡಿಯವ ಅನ್ನಿಸಿಕೊಳ್ಳಬೇಡ.

ಇನ್ನು ಪೊಲೀಸರ ಮಾತು. ಚೆಕ್ ಬೌನ್ಸ್ ಕೇಸು ಪೊಲೀಸ್ ಠಾಣೆಯಲ್ಲಿ ಶುರುವಾಗುವುದಿಲ್ಲ. ನೀನೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕಬೇಕು. ಗಿರಾಕಿಯ ಬ್ಯಾಂಕು ಪುತ್ತೂರಿನದ್ದು, ಕೇಸಿಗೆ ಕರ್ನಾಟಕಕ್ಕೆ ಅಲೆಯಬೇಕಾ ಅಂತ ಕೇಳಿದ್ದೆಯಲ್ಲ, ಬೇಡ. 2015ರ ತಿದ್ದುಪಡಿ ಆದಮೇಲೆ, ಚೆಕ್ಕು ಹಾಕಿದವನ ಖಾತೆ ಎಲ್ಲಿದೆಯೋ ಅಲ್ಲಿನ ಕೋರ್ಟಿಗೆ ಅಧಿಕಾರ. ನಿನ್ನ ಖಾತೆ ಪೆರ್ಲದಲ್ಲಿ. ಹಾಗಾದರೆ ಕೇಸು ನಮ್ಮ ಕಾಸರಗೋಡು ಕಡೆಯಲ್ಲೇ. ಗಡಿಯಾಚೆಯ ಗಿರಾಕಿಗಳೇ ಜಾಸ್ತಿ ಇರುವ ನಿನ್ನಂಥ ಅಂಗಡಿಯವನಿಗೆ ಇದು ದೊಡ್ಡ ಅನುಕೂಲ. ಆದರೆ ಅದನ್ನೆಲ್ಲ ಪತ್ರದಲ್ಲಿ ಬರೆಯಬೇಕಾಗಿಲ್ಲ.

ಬರೆಯುವ ಮೊದಲು ರಿಟರ್ನ್ ಮೆಮೊ ಇನ್ನೊಮ್ಮೆ ಓದು. "ಫಂಡ್ಸ್ ಇನ್‌ಸಫಿಶಿಯೆಂಟ್" ಅಂತ ಇದೆ ಅಂದಿದ್ದೀ, ಅಂದರೆ ಖಾತೆಯಲ್ಲಿ ಹಣ ಸಾಕಾಗಲಿಲ್ಲ. ಸಹಿ ಹೊಂದಲಿಲ್ಲ ಅಂತ ಇದ್ದಿದ್ದರೆ ಮೊದಲು ಒಂದು ಫೋನು ಮಾಡು ಅನ್ನುತ್ತಿದ್ದೆ. ವಯಸ್ಸಾದವರ ಕೈ ನಡುಗಿ ಸಹಿ ಬದಲಾಗುವುದುಂಟು. ಚೆಕ್ಕಿನ ಮೇಲೆ ಅಚ್ಚಾದ ಹೆಸರನ್ನೂ ನೋಡು. ಸಾಮಾನು ಒಯ್ದವರು ಅಪ್ಪ, ಚೆಕ್ಕು ಮಗನದ್ದು, ಹೀಗೆ ಎಷ್ಟೋ ಸಲ ಆಗುತ್ತದೆ. ಪತ್ರ ಹೋಗಬೇಕಾದದ್ದು ಯಾರ ಖಾತೆಯೋ, ಸಹಿ ಯಾರದ್ದೋ ಅವರ ಹೆಸರಿಗೆ.

ಈಗ ಪತ್ರ. ಅಂಗಡಿಯ ಲೆಟರ್‌ಹೆಡ್‌ನಲ್ಲಿ ಕನ್ನಡದಲ್ಲೇ ಬರೆ, ಅವರು ಕನ್ನಡ ಓದುವವರು. ಮಲಯಾಳಂ ಮಾತ್ರ ಓದುವ ಗಿರಾಕಿಯಾಗಿದ್ದರೆ ಮಲಯಾಳಂನಲ್ಲಿ ಬರೆಸಬೇಕಿತ್ತು. ಹೀಗಿರಲಿ:

> ಮಾನ್ಯರೇ,
>
> ನೀವು ನಮ್ಮ ಅಂಗಡಿಯಿಂದ ಖರೀದಿಸಿದ ಸಾಮಾನಿನ ಬಾಬ್ತು, ಬಿಲ್ ನಂಬ್ರ ……ಕ್ಕೆ, ಜನವರಿ 3ನೇ ತಾರೀಕಿನ, …… ಬ್ಯಾಂಕಿನ ಪುತ್ತೂರು ಶಾಖೆಯ, ನಂಬ್ರ ……ರ ಚೆಕ್ಕನ್ನು ಕೊಟ್ಟಿದ್ದೀರಿ. ಮೊತ್ತ 46,800 ರೂಪಾಯಿ (ನಲವತ್ತಾರು ಸಾವಿರದ ಎಂಟು ನೂರು). ಜನವರಿ 12ರಂದು ಅದನ್ನು ನನ್ನ ಖಾತೆಗೆ ಹಾಕಿದೆ. ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂಬ ಕಾರಣ ಕೊಟ್ಟು ಬ್ಯಾಂಕು ಅದನ್ನು ವಾಪಸ್ ಮಾಡಿದೆ. ಆ ಮೆಮೊ ನನಗೆ ಜನವರಿ 14ರಂದು ಸಿಕ್ಕಿದೆ. ನಕಲು ಇದರ ಜೊತೆಗಿದೆ.
>
> ಈ ಪತ್ರ ನಿಮಗೆ ತಲುಪಿದ 15 ದಿನದೊಳಗೆ ಚೆಕ್ಕಿನ ಮೊತ್ತ 46,800 ರೂಪಾಯಿಯನ್ನು ಕೆಳಗಿನ ಖಾತೆಗೆ ಪಾವತಿಸಬೇಕೆಂದು ಕೇಳಿಕೊಳ್ಳುತ್ತೇನೆ. ಪಾವತಿಸದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ 138ನೇ ಸೆಕ್ಷನ್ ಪ್ರಕಾರ ಮುಂದುವರಿಯಬೇಕಾಗುತ್ತದೆ.
>
> ಚೆಕ್ಕು ವಾಪಸಾದ ಕಾರಣ ನನ್ನ ಬ್ಯಾಂಕು ನನ್ನಿಂದ 177 ರೂಪಾಯಿ ಹಿಡಿದಿದೆ. ಇದನ್ನು ಮೇಲಿನ ಮೊತ್ತಕ್ಕೆ ಸೇರಿಸಿಲ್ಲ. ಇದನ್ನೂ ಪ್ರತ್ಯೇಕವಾಗಿ ಕೊಡಬೇಕೆಂದು ವಿನಂತಿ. ಸ್ಟೇಟ್‌ಮೆಂಟ್‌ನ ನಕಲು ಇಟ್ಟಿದ್ದೇನೆ.
>
> ಹಣ ನನ್ನ ಖಾತೆಗೆ ಬಂದ ಕೂಡಲೇ ಮೂಲ ಚೆಕ್ಕನ್ನು ಹಿಂತಿರುಗಿಸುತ್ತೇನೆ.

ಇಷ್ಟು ಸಾಕು. ಒಂದು ಕೆಟ್ಟ ಮಾತಿಲ್ಲ, ಆದರೆ ಬೇಕಾದ್ದು ಒಂದೂ ಬಿಟ್ಟಿಲ್ಲ.

ದಿನದ ಲೆಕ್ಕ ಮಾತ್ರ ಕ್ಯಾಲೆಂಡರಿನಲ್ಲಿ ಬರೆದಿಡು. ಮೆಮೊ ಕೈಗೆ ಬಂದ ಮೇಲೆ 30 ದಿನದೊಳಗೆ ನೋಟಿಸು ಹೋಗಬೇಕು. ನಿನಗೆ 14ರಂದು ಸಿಕ್ಕಿತು, ಹಾಗಾಗಿ ಕೊನೆಯ ದಿನ ಫೆಬ್ರವರಿ 13. ಆದರೆ ಅಷ್ಟು ಕಾಯಬೇಡ, ಸೋಮವಾರವೇ ಕಳುಹಿಸು. ಪತ್ರ 22ಕ್ಕೆ ಅವರ ಕೈ ಸೇರಿತು ಅಂತ ಇಟ್ಟುಕೋ. 15 ದಿನ ಫೆಬ್ರವರಿ 6ಕ್ಕೆ ಮುಗಿಯುತ್ತದೆ. 7ರಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು ದಾಖಲಾಗಬೇಕು. ಇಲ್ಲೊಂದು ಜಾಗ್ರತೆ. ಕೆಲವರು ಮೊದಲು ತಾವೇ ಒಂದು ಪತ್ರ ಬರೆಯುತ್ತಾರೆ, ಆಮೇಲೆ ಬೇಕಾದರೆ ವಕೀಲರ ನೋಟಿಸು ಕೊಡೋಣ ಅಂದುಕೊಳ್ಳುತ್ತಾರೆ. ಹಣ ಕೊಡಿ ಅಂತ ಬರೆದು ಕೇಳಿದ ಮೇಲೆ ಆ ಮೊದಲ ಪತ್ರವೇ ನೋಟಿಸು ಅಂತ ಆಗಬಹುದು. ದಿನದ ಲೆಕ್ಕ ಆಗಲೇ ಶುರುವಾಗಿರುತ್ತದೆ. ಅದಕ್ಕೇ ನಾನು ಒಂದೇ ಪತ್ರ, ಸರಿಯಾದ ಪತ್ರ ಬರೆ ಅನ್ನುವುದು. ಕಳುಹಿಸುವ ಮೊದಲು ವಕೀಲರಿಗೂ ಒಮ್ಮೆ ತೋರಿಸು, ನಾನು ಅವರಿಗೆ ಹೇಳಿಟ್ಟಿದ್ದೇನೆ.

ಕೈಯಲ್ಲಿ ಕೊಟ್ಟು ಬರಬೇಡ. ಅಂಚೆಯಲ್ಲೇ ಹೋಗಲಿ. ಈಗ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದ್ದಾರೆ. ಕೌಂಟರಿನಲ್ಲಿ ಕೇಳಿ, ತಲುಪಿದ್ದಕ್ಕೆ ಪುರಾವೆ ಸಿಗುವ ಹಾಗೆ ಕಳುಹಿಸು. ರಸೀದಿ, ಪತ್ರದ ನಕಲು, ಮೂಲ ಚೆಕ್ಕು, ಮೆಮೊ ನಾಲ್ಕನ್ನೂ ಒಂದೇ ಫೈಲಿನಲ್ಲಿ ಇಡು.

ಅವರು ಫೋನು ಮಾಡಿ "ಅಡಿಕೆ ಕೊಟ್ಟ ಹಣ ಬಂದಿದೆ, ಅದೇ ಚೆಕ್ಕು ಇನ್ನೊಮ್ಮೆ ಹಾಕು" ಅನ್ನಬಹುದು. ಚೆಕ್ಕಿಗೆ ಅದರ ತಾರೀಕಿನಿಂದ ಮೂರು ತಿಂಗಳ ಆಯುಸ್ಸು, ಹಾಕುವುದಕ್ಕೆ ಅಡ್ಡಿಯಿಲ್ಲ. ಆದರೆ ಹಣ ಇದೆ ಅಂತ ವಾಟ್ಸಪ್‌ನಲ್ಲಾದರೂ ಬರೆದು ತಿಳಿಸಲಿ. ಸುಮ್ನೆ ಹಾಕಿ ಪುನಃ ವಾಪಸ್ ಬಂದರೆ ಇನ್ನೊಂದು 177 ನಿನ್ನ ತಲೆಗೆ. ಹೊಸ ಚೆಕ್ಕು ಕೊಡುತ್ತೇನೆ ಅಂದರೆ, ಅದರ ಬದಲು ನೇರ ಖಾತೆಗೆ ಹಾಕಲು ಹೇಳು. ಅವರು ಎಷ್ಟು ಕೇಳಿದರೂ ಹಣ ಖಾತೆಗೆ ಬಿದ್ದಿದ್ದನ್ನು ಕಣ್ಣಾರೆ ನೋಡುವ ತನಕ ಹಳೆಯ ಚೆಕ್ಕು ಮಾತ್ರ ಕೈಬಿಡಬೇಡ. ಅದು ಹೋದರೆ ನಿನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹದಿನೈದು ದಿನದೊಳಗೆ 46,800 ಬಂತು, 177 ಬರಲಿಲ್ಲ ಅಂತ ಇಟ್ಟುಕೋ. ಆಗ ಕ್ರಿಮಿನಲ್ ಕೇಸು ಮುಗಿದ ಹಾಗೆ. ಚಾರ್ಜಿಗಾಗಿ ಆ ದಾರಿ ಹಿಡಿಯಲಾಗುವುದಿಲ್ಲ. ಅವರ ಲೆಕ್ಕದ ಪುಟದಲ್ಲಿ ಬಾಕಿ ಅಂತ ಬರೆದಿಟ್ಟು, ಮುಂದಿನ ಸಲ ಬಂದಾಗ ಕೇಳು. ಚೆಕ್ಕು ಮಾತ್ರ ಮಾತು ಕೊಟ್ಟ ಹಾಗೆ ಹಿಂತಿರುಗಿಸು, ಮುಟ್ಟಿದೆ ಅಂತ ಒಂದು ಸಹಿ ತೆಗೆದುಕೊಂಡು.

ಪೋಸ್ಟ್ ಮಾಡಿದ ರಸೀದಿಯ ಫೋಟೋ ಸೋಮವಾರ ಸಂಜೆಯೊಳಗೆ ನನಗೆ ಕಳುಹಿಸು. ಅಕ್ಕನ ಮಂಡಿನೋವು ಹೇಗಿದೆ ಅಂತಲೂ ತಿಳಿಸು.

ಇಂತು,
ನಿನ್ನ ಸೋದರಮಾವ